ಹಂಚಿನ ಮಾಡಿನಲ್ಲಿ ಪುನುಗು ಬೆಕ್ಕು ಸೇರಿಕೊಂಡರೆ

ರಾತ್ರಿ ಸೀಲಿಂಗ್ ಮೇಲೆ ಧಡ್ ಧಡ್ ಅಂತ ಸದ್ದು ಬಂದರೆ ಕೆಲವರು ಇಲಿ ಅನ್ನುತ್ತಾರೆ, ಸದ್ದು ಸ್ವಲ್ಪ ಜೋರಾದರೆ ಮುಂಗುಸಿ ಅನ್ನುತ್ತಾರೆ. ಮುಂಗುಸಿ ಆಗಿರುವ ಸಾಧ್ಯತೆ ತೀರಾ ಕಡಿಮೆ. ಅದು ಹಗಲಿನ ಪ್ರಾಣಿ. ಬಿಸಿಲಿರುವಾಗ ಓಡಾಡಿ, ಕತ್ತಲಾಗುತ್ತಿದ್ದಂತೆ ಬಿಲ ಸೇರಿ ಮಲಗುತ್ತದೆ. ಸೌದೆ ರಾಶಿಯ ಕೆಳಗೆ, ಕಲ್ಲುಗೋಡೆಯ ಸಂದಿಯಲ್ಲಿ ಇರುವುದೇ ಅದಕ್ಕೆ ಇಷ್ಟ. ಕೊಟ್ಟಿಗೆಯ ತಗ್ಗಿನ ಮಾಡಿಗೆ ಎಲ್ಲೋ ಒಮ್ಮೊಮ್ಮೆ ಹತ್ತಬಹುದು, ಆದರೆ ಮಧ್ಯರಾತ್ರಿ ನಿಮ್ಮ ನಿದ್ದೆ ಕೆಡಿಸುವುದು ಅದಲ್ಲ.

ಇಲಿಯ ಸದ್ದೇ ಬೇರೆ. ಪರಪರ ಕೆರೆಯುತ್ತದೆ, ಕಟಕಟ ಕಡಿಯುತ್ತದೆ, ಗೋಡೆಯಂಚಿನಲ್ಲಿ ಸರ್ ಅಂತ ಓಡುತ್ತದೆ. ಪುನುಗು ಬೆಕ್ಕಿಗೆ ತೂಕ ಇದೆ, ದೊಡ್ಡದಾದರೆ ಮೂರು ನಾಲ್ಕು ಕಿಲೋ. ಅದು ನಡೆದರೆ ಪುಟ್ಟ ಮಗು ಮೇಲೆ ಓಡಾಡಿದ ಹಾಗೆ ಕೇಳುತ್ತದೆ. ಗಂಟೆಯನ್ನೂ ಗಮನಿಸಿ. ಕತ್ತಲಾದ ಮೇಲೆ ಒಮ್ಮೆ ದಡಬಡ, ಹಂಚು ಕಟಕ್ ಅಂದ ಸದ್ದು, ಆಮೇಲೆ ಮೌನ. ಬೆಳಗಿನ ಜಾವ ಮತ್ತೆ ಅದೇ. ಹೊರಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು ಬಂತು ಅಂತ ಅರ್ಥ. ಇನ್ನೊಂದು ಗುರುತು ಅದರ ಹಿಕ್ಕೆ. ಹಣ್ಣಿನ ಬೀಜ ಹಾಗೆಹಾಗೇ ತುಂಬಿರುತ್ತದೆ, ಮತ್ತು ಹೆಚ್ಚಾಗಿ ಒಂದೇ ಜಾಗದಲ್ಲಿ ಗುಡ್ಡೆ ಬಿದ್ದಿರುತ್ತದೆ. ಸೀಲಿಂಗ್ ಹಲಗೆಯಲ್ಲಿ ಹಳದಿ ಕಲೆ ಮೂಡಿದರೆ ಆ ಜಾಗದ ಮೇಲೆಯೇ ಹುಡುಕಿ. ಅದು ಮನೆಯ ಬೆಕ್ಕೋ ಪುನುಗೋ ಅನ್ನುವ ಅನುಮಾನ ಬಂದರೆ ಹೋಗಿಬರುವ ದಾರಿಯಲ್ಲಿ ಒಂದಿಷ್ಟು ರಂಗೋಲಿ ಪುಡಿ ಉದುರಿಸಿಡಿ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ, ಪುನುಗಿನದರಲ್ಲಿ ಐದು.

ಇಷ್ಟು ಖಾತ್ರಿಯಾದ ಮೇಲೆ ಎಲ್ಲರೂ ಮಾಡುವ ಕೆಲಸ ಒಂದೇ: ಹಗಲು ಹೊತ್ತಿನಲ್ಲಿ ಕೆಲಸದವರನ್ನು ಕರೆಸಿ ತೂತು ಮುಚ್ಚಿಸುವುದು. ಹಗಲಿನಲ್ಲಿ ಅದು ಒಳಗೇ ಮಲಗಿರುತ್ತದೆ ಅಲ್ವಾ? ಮುಚ್ಚಿದರೆ ಅದನ್ನು ಕೂಡಿ ಹಾಕಿದ ಹಾಗೆ. ಹೊರಬರಲು ಹಂಚು ಎತ್ತಿ ಹಾಕುತ್ತದೆ, ಸೀಲಿಂಗ್ ಹರಿಯುತ್ತದೆ, ಇಲ್ಲವೇ ಅಲ್ಲೇ ಸತ್ತು ವಾರಗಟ್ಟಲೆ ನಾರುತ್ತದೆ. ಪುನುಗಿನ ದಾರಿ ಮುಚ್ಚುವುದಾದರೆ ಕತ್ತಲಾಗಿ ಅದು ಹೊರಟ ಮೇಲೆಯೇ. ಮುಂಗುಸಿಯ ಬಿಲ ಮುಚ್ಚುವುದಾದರೆ ಸರಿಯಾಗಿ ತಿರುಗಾಮುರುಗಾ, ಮಧ್ಯಾಹ್ನ ಅದು ಹೊರಗಿರುವಾಗ. ಕೋಳಿಮರಿ, ಮೊಟ್ಟೆಗೆ ಕಾಟ ಇಲ್ಲದಿದ್ದರೆ ಮುಂಗುಸಿಯನ್ನು ಸುಮ್ನೆ ಬಿಟ್ಟುಬಿಡಿ ಅನ್ನುವವಳು ನಾನು. ಇಲಿ, ಹಾವು ಎರಡನ್ನೂ ಅದು ನೋಡಿಕೊಳ್ಳುತ್ತದೆ.

ಮುಚ್ಚುವ ಮೊದಲು ಮರಿ ಇದೆಯಾ ಅಂತ ತಿಳಿಯಲೇಬೇಕು. ನನ್ನ ತಂಗಿಯ ಮಗಳ ಮನೆಯಲ್ಲಿ ಇದೇ ಆಯಿತು. "ದೊಡ್ಡಮ್ಮ, ದೊಡ್ಡದು ಹೋದ ಮೇಲೂ ಮೇಲಿಂದ ಕುಂಯ್ ಕುಂಯ್ ಅಂತ ಕೇಳುತ್ತೆ" ಅಂದಳು. ಆ ಸಣ್ಣ ಸದ್ದೇ ಸಾಕ್ಷಿ. ತಾಯಿ ಹೊರಗೆ, ಮರಿ ಒಳಗೆ. ಆಗ ಮುಚ್ಚಿದ್ದರೆ ಮರಿಗಳು ಹಸಿವಿನಿಂದ ಸಾಯುತ್ತಿದ್ದವು, ತಾಯಿ ಬೇರೆ ಕಡೆಯಿಂದ ಹಂಚು ಕಿತ್ತು ಒಳನುಗ್ಗುತ್ತಿತ್ತು. ಮರಿ ಹಾಲು ಬಿಡಲು ಸುಮಾರು ಎರಡು ತಿಂಗಳು ಬೇಕು. ಕಾಯುವ ತಾಳ್ಮೆ ಇದ್ದರೆ ಕಾಯಬಹುದು. ಇಲ್ಲದಿದ್ದರೆ ತಾಯಿಗೆ ಆ ಜಾಗ ಬೇಡ ಅನ್ನಿಸಬೇಕು.

ನಾವು ಮಾಡಿದ್ದು ಇಷ್ಟು. ತಾಯಿ ಹೊರಟ ಮೇಲೆ ಅಟ್ಟದ ಬಾಗಿಲಿನಿಂದ ಎಲ್‌ಇಡಿ ಬಲ್ಬೊಂದನ್ನು ಗೂಡಿನ ಹತ್ತಿರ ಇಳಿಬಿಟ್ಟೆವು. ಪಕ್ಕದಲ್ಲಿ ರೇಡಿಯೋ ಇಟ್ಟು ಮಾತಿನ ಕಾರ್ಯಕ್ರಮ ಹಾಕಿದೆವು. ಮರಿಗಳನ್ನು ಮುಟ್ಟಲಿಲ್ಲ. ಹಗಲು ರಾತ್ರಿ ಬೆಳಕೂ ಮನುಷ್ಯರ ಮಾತೂ ಇದ್ದರೆ ಅದಕ್ಕೆ ಅದು ಸುರಕ್ಷಿತ ಜಾಗ ಅಲ್ಲ. ಕೆಲವು ರಾತ್ರಿ ಕಳೆದ ಮೇಲೆ, ಹೊರಗಿನ ದೀಪ ಆರಿಸಿ ಜಗಲಿಯಲ್ಲಿ ಕೂತಿದ್ದಾಗ ಕಂಡಿತು. ಸೂರಿನ ಮೂಲೆಯಲ್ಲಿ ಹಂಚು ಮೆಲ್ಲಗೆ ಮೇಲೆದ್ದಿತು, ಮೊದಲು ಕಪ್ಪು ಮೂತಿ, ಆಮೇಲೆ ಬಾಯಲ್ಲಿ ಜೋತುಬಿದ್ದ ಮರಿ. ಹಲಸಿನ ಕೊಂಬೆ ಹಿಡಿದು ಇಳಿದು ಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದಕ್ಕೆ ಬಂತು. ಅವಸರ ಮಾಡಿ ಟಾರ್ಚ್ ಬಿಟ್ಟಿದ್ದರೆ ಮರಿಯನ್ನು ಅಲ್ಲೇ ಹಾಕಿ ಓಡುತ್ತಿತ್ತು.

ಆಮೇಲೂ ತಕ್ಷಣ ಮುಚ್ಚಬೇಡಿ. ಹಳೆ ಪೇಪರನ್ನು ಉಂಡೆ ಮಾಡಿ ತೂತಿಗೆ ಸಡಿಲವಾಗಿ ತುರುಕಿಡಿ. ಒಳಗೆ ಯಾರಾದರೂ ಇದ್ದರೆ ಅದನ್ನು ತಳ್ಳಿ ಬರುತ್ತಾರೆ, ಹೊರಗಿನಿಂದ ಬಂದರೂ ಕಿತ್ತು ಹಾಕುತ್ತಾರೆ. ಮೂರು ನಾಲ್ಕು ರಾತ್ರಿ ಪೇಪರ್ ಕದಲದೆ ಇದ್ದರೆ, ಸದ್ದೂ ಇಲ್ಲದಿದ್ದರೆ, ಖಾಲಿ. ಮರಿ ಇಲ್ಲ ಅಂತ ಖಚಿತವಾದರೂ ದೊಡ್ಡದು ಹೋಯಿತೋ ಇಲ್ಲವೋ ಅನ್ನುವ ಗೊಂದಲ ಇದ್ದರೆ ತೂತಿನ ಹೊರಬದಿಗೆ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಮೇಲಂಚಿನಲ್ಲಿ ಮಾತ್ರ ಕಟ್ಟಿ ಇಳಿಬಿಡಿ. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ತಳ್ಳಿದರೆ ಗೋಡೆಗೆ ಒತ್ತಿಕೊಳ್ಳುತ್ತದೆ. ಮರಿ ಇರುವಾಗ ಮಾತ್ರ ಇದನ್ನು ಹಾಕಲೇಬಾರದು.

ಮುಚ್ಚಲು ಕೋಳಿಗೂಡಿನ ತೆಳು ಜಾಲರಿ ಸಾಲದು, ಉಗುರಿನಲ್ಲಿ ಎಳೆದು ಬಿಡಿಸುತ್ತದೆ. ಒಂದಿಂಚಿನ ಕಣ್ಣಿನ ವೆಲ್ಡ್ ಮೆಶ್ ತಂದು ಸೂರಿನ ಉದ್ದಕ್ಕೂ, ಗೋಡೆಗೂ ಹಂಚಿಗೂ ನಡುವಿನ ಸಂದಿಗೆ, ಮರಕ್ಕೆ ಮೊಳೆ ಹೊಡೆದು ಕೂರಿಸಿ. ತಲೆ ತೂರುವಷ್ಟು ಜಾಗ ಸಿಕ್ಕರೆ ಅದಕ್ಕೆ ಸಾಕು, ಆದ್ದರಿಂದ ಮೂಲೆಗಳನ್ನು ಬಿಡಬೇಡಿ. ಜಾಸ್ತಿ ಜನ ಮರೆಯುವುದು ಹಂಚನ್ನೇ. ಮಂಗಳೂರು ಹಂಚು ರೀಪಿನ ಮೇಲೆ ಸುಮ್ಮನೆ ಕೂತಿರುತ್ತದೆ, ಮೂತಿಯಿಂದ ಎತ್ತಿದರೆ ಏಳುತ್ತದೆ. ಹಂಚಿನ ಅಡಿಭಾಗದಲ್ಲಿ ತಂತಿ ಕಟ್ಟಲು ಒಂದು ಸಣ್ಣ ತೂತು ಇರುತ್ತದೆ. ಸೂರಿನ ಕಡೆಯ ಎರಡು ಸಾಲನ್ನಾದರೂ ಬೈಂಡಿಂಗ್ ವೈರಿನಿಂದ ರೀಪಿಗೆ ಕಟ್ಟಿಸಿ. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನೂ ಎರಡು ಮೀಟರಿಗಿಂತ ಹೆಚ್ಚು ದೂರಕ್ಕೆ ಕತ್ತರಿಸಬೇಕು. ಮರಿ ಇರುವ ಮನೆಯಲ್ಲಿ ಈ ಕೊಂಬೆ ಕಡಿಯುವ ಕೆಲಸ ಕೊನೆಗೆ ಇರಲಿ. ತಾಯಿ ಇಳಿಯುವ ದಾರಿಯೂ ಅದೇ.

ನುಸಿಗುಳಿಗೆ, ಮೆಣಸಿನಕಾಯಿ ಹೊಗೆ, ವಿಷ ಯಾವುದೂ ಬೇಡ. ನುಸಿಗುಳಿಗೆಯ ವಾಸನೆ ಕೆಳಗೆ ಮಲಗಿದ ನಿಮಗೂ ಒಳ್ಳೆಯದಲ್ಲ. ಹೊಗೆ ಹಾಕಿದರೆ ಓಡಲಾರದ ಮರಿ ಉಸಿರುಗಟ್ಟುತ್ತದೆ. ಬೋನಿಟ್ಟು ಹಿಡಿದು ದೂರ ಬಿಡುವ ಯೋಚನೆಯನ್ನೂ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪುನುಗಿಗೂ ಮುಂಗುಸಿಗೂ ರಕ್ಷಣೆ ಇದೆ, ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ತೂತು ಹಾಗೇ ಇದ್ದರೆ ಒಂದು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ ಬೇರೆ. ಗಾಯಗೊಂಡಿದ್ದರೆ, ಕೋಣೆಯೊಳಗೆ ಬಿದ್ದಿದ್ದರೆ, ತಾಯಿ ಬಾರದೆ ಮರಿ ಅಳುತ್ತಲೇ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೈ ಹಾಕಬೇಡಿ, ಕಚ್ಚುತ್ತದೆ. ಕಚ್ಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ರೇಬೀಸ್ ಚುಚ್ಚುಮದ್ದಿಗೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೆಗೆ ಉಳಿಯುವುದು ಹಿಕ್ಕೆ ತೆಗೆಯುವ ಕೆಲಸ. ಮೇಲೆ ಹತ್ತುವ ಮೊದಲು ಅಲ್ಲಿನ ವೈರಿಂಗಿಗೆ ಕರೆಂಟ್ ಆಫ್ ಮಾಡಿ. ಮಾಸ್ಕ್, ಗ್ಲೌಸ್ ಹಾಕಿ, ಒಣ ಹಿಕ್ಕೆಯನ್ನು ಗುಡಿಸದೆ ಮೊದಲು ನೀರು ಚಿಮುಕಿಸಿ ನೆನೆಸಿ, ಆಮೇಲೆ ಬಾಚಿ ತೆಗೆಯಿರಿ. ಮೂತ್ರದಿಂದ ಉಬ್ಬಿದ ಪ್ಲೈವುಡ್ ಹಲಗೆಯನ್ನು ಬದಲಿಸುವುದೇ ಮೇಲು. ಮೇಲಿಂದ ಬಣ್ಣ ಬಳಿದರೆ ಕಲೆ ಮರೆಯಾಗುತ್ತದೆ, ವಾಸನೆ ಮಳೆಗಾಲದಲ್ಲಿ ಮತ್ತೆ ಏಳುತ್ತದೆ.