ಮೊದಲ ಸ್ಪೀಡ್‌ರನ್‌ಗೆ ಸೆಲೆಸ್ಟ್ ಕ್ಲಾಸಿಕ್: ಆಟ ಆರಿಸುವುದರಿಂದ ಸಮಯ ಅಳೆಯುವವರೆಗೆ

ಸ್ಪೀಡ್‌ರನ್ ಎಂದರೆ ಒಂದು ವಿಡಿಯೋ ಆಟವನ್ನು ಆದಷ್ಟು ಬೇಗ ಮುಗಿಸುವುದು. ಅದನ್ನು ಶುರು ಮಾಡುವವರು ಸಾಮಾನ್ಯವಾಗಿ ತಮಗೆ ತುಂಬ ಇಷ್ಟವಾದ ದೊಡ್ಡ ಆಟವನ್ನೇ ಹಿಡಿಯುತ್ತಾರೆ. ನಾನು ಹೊಸಬರಿಗೆ ಹೇಳುವುದು ಬೇರೆ. ಎರಡು ಮೂರು ನಿಮಿಷದಲ್ಲಿ ಮುಗಿಯುವ, ದಾರಿ ಒಂದೇ ಇರುವ, ಅದೃಷ್ಟದ ಪಾಲು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವ ಆಟ ತಗೊಳ್ಳಿ. ಒಂದು ಗಂಟೆಯ ಆಟದಲ್ಲಿ ಐವತ್ತನೇ ನಿಮಿಷಕ್ಕೆ ಎಡವಿದರೆ ಆ ಸಂಜೆಯ ಕಲಿಕೆ ಅಲ್ಲಿಗೆ ಮುಗಿಯಿತು. ಎರಡು ನಿಮಿಷದ ಆಟದಲ್ಲಿ ಎಡವಿದ ಜಾಗಕ್ಕೆ ಮತ್ತೆ ಮತ್ತೆ ಹೋಗಬಹುದು. ನಮ್ಮ ಶಿರಸಿ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಹಾಗಿರುವಾಗ ಗಂಟೆಗಟ್ಟಲೆಯ ರನ್ ಕಟ್ಟಿಕೊಂಡು ಕೂರುವುದು ಕಷ್ಟ.

ಈ ಅಳತೆಗೆ ನನ್ನ ಮಟ್ಟಿಗೆ ಸರಿಯಾಗಿ ಕೂರುವುದು ಸೆಲೆಸ್ಟ್ ಕ್ಲಾಸಿಕ್. 2018ರಲ್ಲಿ ಬಂದ ದೊಡ್ಡ ಸೆಲೆಸ್ಟ್ ಅಲ್ಲ, ಅದಕ್ಕೂ ಮೊದಲು 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕು ದಿನದಲ್ಲಿ ಪಿಕೋ-8 ಎಂಬ, ಪುಟ್ಟ ಆಟಗಳನ್ನು ಮಾಡಿ ಆಡುವ ತಂತ್ರಾಂಶಕ್ಕೆಂದು ಮಾಡಿದ, ಬೆಟ್ಟ ಹತ್ತುವ ಪುಟ್ಟ ಆಟ. ದುಡ್ಡು ಕೊಡಬೇಕಿಲ್ಲ, ಬ್ರೌಸರ್‌ನಲ್ಲೇ ಓಡುತ್ತದೆ. 100 ಮೀಟರ್‌ನಿಂದ 3000 ಮೀಟರ್‌ವರೆಗೆ ಮೂವತ್ತು ಕೋಣೆಗಳು, ಪ್ರತಿಯೊಂದೂ ಒಂದೇ ಪರದೆಯಷ್ಟು. ಕೆಳಗೆ ಹುಟ್ಟಿ ಮೇಲಿಂದ ಹೊರಬೀಳಬೇಕು, ಅಷ್ಟೇ ದಾರಿ. ನುರಿತವರು ಎರಡು ನಿಮಿಷದ ಒಳಗೇ ಮುಗಿಸುತ್ತಾರೆ.

ಬೇರೆ ಆಟಗಳ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಸೂಪರ್ ಮಾರಿಯೋ ಬ್ರದರ್ಸ್ ಚಿಕ್ಕದೇ, ಆದರೆ ಅದರಲ್ಲಿ ಹಂತ ಮುಗಿದದ್ದನ್ನು ಆಟ 21 ಫ್ರೇಮ್‌ಗೊಮ್ಮೆ, ಅಂದರೆ ಪರದೆಯ ಚಿತ್ರ 21 ಸಲ ಬದಲಾದಾಗೊಮ್ಮೆ ಮಾತ್ರ ನೋಡುತ್ತದೆ. ನೀವು ಹತ್ತು ಫ್ರೇಮ್ ಉಳಿಸಿದರೂ ಲೆಕ್ಕಕ್ಕೆ ಬರದೇ ಹೋಗಬಹುದು. ಹೊಸಬರಿಗೆ ಇದು ಗೊಂದಲ, ಜೊತೆಗೆ ಹಳೆಯ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್‌ನ ನಿಯಮಗಳ ತಲೆನೋವು ಬೇರೆ. ಮೈನ್‌ಕ್ರಾಫ್ಟ್‌ನಲ್ಲಿ ಪ್ರತಿ ಸಲ ಹೊಸ ಲೋಕ. ಸಮಯ ಕಡಿಮೆಯಾದದ್ದು ಕೈಚಳಕದಿಂದಲೋ ಹತ್ತಿರದಲ್ಲೇ ಊರು ಸಿಕ್ಕಿದ್ದರಿಂದಲೋ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಸೆಲೆಸ್ಟ್ ಕ್ಲಾಸಿಕ್‌ನಲ್ಲಿ ಆಟದ ಮೇಲೆ ಪರಿಣಾಮ ಬೀರುವ ಅದೃಷ್ಟವೆಂದರೆ ಬಲೂನುಗಳದ್ದು. ಅವು ಎರಡು ಪಿಕ್ಸೆಲ್ ಮೇಲೆ, ಎರಡು ಪಿಕ್ಸೆಲ್ ಕೆಳಗೆ ತೂಗುತ್ತವೆ, ಆ ತೂಗಾಟ ಎಲ್ಲಿಂದ ಶುರುವಾಗುತ್ತದೆ ಎಂಬುದು ಪ್ರತಿ ಸಲ ಬೇರೆ. ಬಲೂನಿನ ಅಂಚನ್ನಷ್ಟೇ ಸವರಿ ಹೋಗುವ ದಾರಿ ಕೆಲವೊಮ್ಮೆ ತಪ್ಪುವುದು ಇದರಿಂದಲೇ. ಮಧ್ಯಕ್ಕೆ ಹಾಯ್ದರೆ ಆ ತೊಂದರೆ ಇಲ್ಲ.

ಯಾವ ಆಟವಾದರೂ ಅದರ ಸಮುದಾಯ ಎಚ್ಚರವಾಗಿದೆಯೇ ಎಂದು ಮೊದಲು ನೋಡಬೇಕು. ರನ್‌ಗಳ ಪಟ್ಟಿ ಇಡುವ ತಾಣ `speedrun.com`ನಲ್ಲಿ ಆಟದ ಪುಟ ತೆಗೆದರೆ ಪಟ್ಟಿಯಲ್ಲಿ ಪ್ರತಿ ರನ್ನಿನ ದಿನಾಂಕ ಇರುತ್ತದೆ. ಮೊದಲ ಸ್ಥಾನದ ದಿನಾಂಕ ನೋಡಿ ಏನೂ ಉಪಯೋಗವಿಲ್ಲ, ದಾಖಲೆ ವರ್ಷಗಟ್ಟಲೆ ಮುರಿಯದೇ ಇರಬಹುದು. ಪಟ್ಟಿಯ ನಡುವಿನಿಂದ ಕೆಳಗೆ ನೋಡಿ. ಅಲ್ಲಿ ಕಳೆದ ಕೆಲವು ತಿಂಗಳ ರನ್‌ಗಳಿದ್ದರೆ ಹೊಸಬರು ಬರುತ್ತಿದ್ದಾರೆ, ಮಾಡರೇಟರುಗಳು ಪರಿಶೀಲಿಸುತ್ತಿದ್ದಾರೆ ಎಂದರ್ಥ. ನಂತರ ಗೈಡ್‌ಗಳ ಪುಟ ನೋಡಿ, ಕೊನೆಯಲ್ಲಿ ನಿಯಮ ಓದಿ: ಗಡಿಯಾರ ಯಾವ ಕ್ಷಣಕ್ಕೆ ಶುರು, ಯಾವ ಕ್ಷಣಕ್ಕೆ ನಿಲ್ಲುತ್ತದೆ, ಆಟದ ಯಾವ ಆವೃತ್ತಿಗೆ ಒಪ್ಪಿಗೆ ಇದೆ. ಈ ಮೂರು ಗೊತ್ತಾಗದೆ ರೆಕಾರ್ಡಿಂಗ್‌ಗೆ ಕೈ ಹಾಕಬೇಡಿ. ವಿಭಾಗದಲ್ಲಿ Any% ಆರಿಸಿ, ಅದರಲ್ಲಿ ಏನನ್ನೂ ಹೆಕ್ಕದೆ ಕೊನೆ ಮುಟ್ಟಿದರೆ ಸಾಕು. 100% ಎಂದರೆ ಹದಿನೆಂಟು ಸ್ಟ್ರಾಬೆರಿಯನ್ನೂ ಹೆಕ್ಕಬೇಕು, ಅದು ಆಮೇಲಿನ ಮಾತು.

ಆಡುವ ಮೊದಲು ಕೀಬೋರ್ಡನ್ನು ಪರೀಕ್ಷಿಸಿ. ಬಾಣದ ಕೀಲಿಗಳಿಂದ ದಿಕ್ಕು, Z ಹಾರಲು, X ಡ್ಯಾಶ್ ಮಾಡಲು, ಅಂದರೆ ಒತ್ತಿದ ದಿಕ್ಕಿಗೆ ಚಿಮ್ಮಿ ಹೋಗಲು. ಓರೆಯಾಗಿ ಡ್ಯಾಶ್ ಮಾಡಲು ಮೇಲಿನ ಬಾಣ, ಪಕ್ಕದ ಬಾಣ ಮತ್ತು X ಮೂರೂ ಒಟ್ಟಿಗೆ ಒತ್ತಿರಬೇಕು. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಮೂರನೇ ಕೀಲಿ ದಾಖಲಾಗದೇ ಹೋಗುವುದುಂಟು. ಬಲಕ್ಕೆ ಓರೆಯಾಗಿ ಹೋಗುತ್ತದೆ, ಎಡಕ್ಕೆ ಮಾತ್ರ ಡ್ಯಾಶೇ ಆಗುವುದಿಲ್ಲ ಎಂದಾದರೆ ತಪ್ಪು ನಿಮ್ಮ ಬೆರಳಿನದ್ದಲ್ಲ. ಪಿಕೋ-8ನಲ್ಲಿ X ಬದಲು V ಅಥವಾ M, Z ಬದಲು C ಅಥವಾ N ಕೂಡ ಕೆಲಸ ಮಾಡುತ್ತವೆ. ಮೂರೂ ಒಟ್ಟಿಗೆ ಹಿಡಿಯುವ ಜೋಡಿ ಸಿಗುವವರೆಗೆ ಬದಲಿಸಿ ನೋಡಿ, ಸಿಕ್ಕ ಮೇಲೆ ಬದಲಿಸಬೇಡಿ.

ಎರಡನೇ ಪರೀಕ್ಷೆ ಕಂಪ್ಯೂಟರಿನ ವೇಗದ್ದು. ಆಟ ಸೆಕೆಂಡಿಗೆ 30 ಫ್ರೇಮ್ ಓಡಬೇಕು, ಅದರ ಒಳಗಿನ ಗಡಿಯಾರ ಫ್ರೇಮ್‌ಗಳನ್ನೇ ಎಣಿಸುತ್ತದೆ. ಲ್ಯಾಪ್‌ಟಾಪ್ ತಿಣುಕಿದರೆ ಆಟವೂ ನಿಧಾನ, ಗಡಿಯಾರವೂ ನಿಧಾನ, ನಿಮಗೆ ಏನೂ ಗೊತ್ತಾಗುವುದಿಲ್ಲ. ಮೊದಲ ಕೋಣೆ ಕಾಣಿಸಿಕೊಂಡ ಕ್ಷಣಕ್ಕೆ ಫೋನಿನ ಸ್ಟಾಪ್‌ವಾಚ್ ಒತ್ತಿ, ಐದು ನಿಮಿಷ ಹಾಗೇ ಬಿಟ್ಟು, ಆಮೇಲೆ ಬೇಕಂತಲೇ ಸಾಯಿರಿ. ಕೋಣೆ ಮತ್ತೆ ಶುರುವಾದಾಗ ಎಡ ಮೇಲ್ಮೂಲೆಯಲ್ಲಿ ಆಟದ ಸಮಯ ಸುಮಾರು ಒಂದು ಸೆಕೆಂಡು ಕಾಣುತ್ತದೆ. ಅದು ಫೋನಿಗಿಂತ ಐದು ಸೆಕೆಂಡೋ ಹತ್ತು ಸೆಕೆಂಡೋ ಹಿಂದಿದ್ದರೆ ಫ್ರೇಮ್ ಬೀಳುತ್ತಿವೆ. ನಮ್ಮಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಕರೆಂಟು ಹೋಗಿ ಬ್ಯಾಟರಿಗೆ ಇಳಿದಾಗ ವಿಂಡೋಸ್ ತಾನಾಗಿ ಹಿಡಿಯುವ ವಿದ್ಯುತ್ ಉಳಿತಾಯದ ಮೋಡ್. ಅದನ್ನು ತೆಗೆಯಿರಿ, ಉಳಿದ ಟ್ಯಾಬ್‌ಗಳನ್ನು ಮುಚ್ಚಿ. ಇಂಟರ್ನೆಟ್ ಹೋದರೆ ಗಾಬರಿ ಬೇಡ, ಪುಟ ಒಮ್ಮೆ ಪೂರ್ತಿ ಇಳಿದ ಮೇಲೆ ಆಟಕ್ಕೆ ಅದು ಬೇಕಿಲ್ಲ. ಪುಟವನ್ನು ರಿಫ್ರೆಶ್ ಮಾತ್ರ ಮಾಡಬೇಡಿ. ಹೊಸದಾಗಿ ಶುರು ಮಾಡಲು P ಒತ್ತಿ, ಮೆನುವಿನಲ್ಲಿ `RESET CART` ಆರಿಸಿ.

ಇನ್ನು ಕೋಣೆಗಳ ಒಳಗೆ ಸಮಯ ಎಲ್ಲಿ ಉಳಿಯುತ್ತದೆ ಎಂಬುದು. ಪಿಕೋ-8 ಆಟಗಳ ಕೋಡ್ ಎಲ್ಲರೂ ಓದಬಹುದಾದದ್ದು, ಹಾಗಾಗಿ ಇಲ್ಲಿ ಊಹೆ ಬೇಕಾಗಿಲ್ಲ. ಪರದೆಯ ಮೇಲಂಚನ್ನು ನಾಲ್ಕು ಪಿಕ್ಸೆಲ್ ದಾಟಿದೊಡನೆ ಕೋಣೆ ಮುಗಿಯಿತು. ಕೊನೆಯ ಮೆಟ್ಟಿಲ ಮೇಲೆ ನೆಟ್ಟಗೆ ನಿಂತು ಹಾರಬೇಕೆಂದಿಲ್ಲ, ಡ್ಯಾಶ್ ಉಳಿಸಿಕೊಂಡಿದ್ದರೆ ಗಾಳಿಯಲ್ಲೇ ಮೇಲಕ್ಕೆ ಹೊಡೆದು ಹೊರಬೀಳಬಹುದು. ಓಟದ ವೇಗ ಫ್ರೇಮಿಗೆ ಒಂದು ಪಿಕ್ಸೆಲ್, ಡ್ಯಾಶ್ ಶುರುವಾಗುವುದು ಐದರಲ್ಲಿ. ಆದ್ದರಿಂದ ಕೋಣೆಯನ್ನು ನಾನು ನೋಡುವುದೇ ‘ಕಾಲು ನೆಲಕ್ಕೆ ತಾಗಿ ಡ್ಯಾಶ್ ಮರಳುವ ಜಾಗ ಎಲ್ಲೆಲ್ಲಿ’ ಎಂದು. ತಾಗುವ ಮುಂಚೆ ಕೈಯಲ್ಲಿದ್ದ ಡ್ಯಾಶ್ ಬಳಸದೇ ಉಳಿದರೆ ಅಷ್ಟು ಸಮಯ ವ್ಯರ್ಥ.

ಹೊಸಬರು ನಂಬದ ಸಂಗತಿ ಮುಳ್ಳಿನದ್ದು. ಇಲ್ಲಿ ಮುಳ್ಳು ತಾಗಿದರಷ್ಟೇ ಸಾವಲ್ಲ, ನೀವು ಯಾವ ಕಡೆಗೆ ಚಲಿಸುತ್ತಿದ್ದೀರಿ ಎಂಬುದನ್ನೂ ಆಟ ನೋಡುತ್ತದೆ. ಮೇಲ್ಮುಖದ ಮುಳ್ಳು ಕೊಲ್ಲುವುದು ನೀವು ಕೆಳಗೆ ಬರುತ್ತಿದ್ದರೆ ಅಥವಾ ಮೇಲೆ ಕೆಳಗೆ ಚಲನೆಯೇ ಇಲ್ಲದಿದ್ದರೆ. ಮೇಲಕ್ಕೆ ಏರುತ್ತಿರುವಾಗ ಅದರ ಮೂಲಕವೇ ಹಾದುಹೋಗಬಹುದು. ಅದೇ ಮುಳ್ಳನ್ನು ನೇರ ಅಡ್ಡ ಡ್ಯಾಶ್‌ನಲ್ಲಿ ದಾಟಿದರೆ ಸಾವು, ಏಕೆಂದರೆ ಅಡ್ಡ ಡ್ಯಾಶ್‌ನಲ್ಲಿ ಮೇಲಿನ ವೇಗ ಸೊನ್ನೆ. ಮೇಲಕ್ಕೆ ಓರೆಯಾದ ಡ್ಯಾಶ್‌ನಲ್ಲಿ ಬದುಕುತ್ತೀರಿ. ನುರಿತವರ ವಿಡಿಯೋ ನೋಡಿ ಅದೇ ಜಾಗದಲ್ಲಿ ನೀವು ಸಾಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ: ಅವರು ಏರುತ್ತಿದ್ದಾರೆ, ನೀವು ಏರಿ ಮುಗಿಸಿ ಇಳಿಯಲು ತೊಡಗಿದ್ದೀರಿ.

ಆಟ ನಿಮಗೆ ಒಂದಿಷ್ಟು ರಿಯಾಯಿತಿಯನ್ನೂ ಕೊಡುತ್ತದೆ. ಅಂಚು ಬಿಟ್ಟ ಮೇಲೂ 6 ಫ್ರೇಮ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ, ಹಾರಲು ಅವಕಾಶವಿದೆ. ನೆಲ ತಾಗುವ ಮೊದಲೇ ಒತ್ತಿದ ಹಾರುವ ಕೀಲಿಯನ್ನು 4 ಫ್ರೇಮ್ ನೆನಪಿಟ್ಟುಕೊಳ್ಳುತ್ತದೆ. ಇಳಿಯುವಾಗ ಸ್ವಲ್ಪ ಮುಂಚೆ ಒತ್ತುವ ರೂಢಿ ಮಾಡಿಕೊಂಡರೆ ನೆಲದ ಮೇಲೆ ಸುಮ್ಮನೆ ಕಳೆಯುವ ಫ್ರೇಮ್‌ಗಳು ಮೂವತ್ತು ಕೋಣೆಯಲ್ಲೂ ಉಳಿಯುತ್ತವೆ.

ಸಮಯ ಅಳೆಯಲು ಲೈವ್‌ಸ್ಪ್ಲಿಟ್ ಎಂಬ ತಂತ್ರಾಂಶ ಸಾಕು, ಉಚಿತ. ನಡುನಡುವೆ ಕೀಲಿ ಒತ್ತಿ ಅಲ್ಲಿಯವರೆಗಿನ ಸಮಯ ಗುರುತಿಸುವುದೇ ಸ್ಪ್ಲಿಟ್. ಮೂವತ್ತು ಕೋಣೆಗೆ ಮೂವತ್ತು ಸ್ಪ್ಲಿಟ್ ಹಾಕಬೇಡಿ, ಒತ್ತುವುದರಲ್ಲೇ ಕೈ ತಪ್ಪುತ್ತದೆ. 500, 1000, 1500 ಹೀಗೆ ಐದೈದು ಕೋಣೆಗೊಂದರಂತೆ ಆರು ಸಾಕು. ಮೊದಲಿನ ಸೆಟ್ಟಿಂಗ್‌ನಲ್ಲಿ ಸ್ಪ್ಲಿಟ್ ಕೀಲಿ ನಂಬರ್ ಪ್ಯಾಡಿನ 1. ನಂಬರ್ ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್‌ಗೆ G ಕೊಡಿ, ಎಡಗೈಯ ತೋರುಬೆರಳಿಗೆ ಸಿಗುತ್ತದೆ, ಆಟಕ್ಕೂ ಅಡ್ಡಬರುವುದಿಲ್ಲ. ಆಟದ ಕಿಟಕಿ ಮುಂದಿರುವಾಗಲೂ ಕೀಲಿ ಕೆಲಸ ಮಾಡಬೇಕೆಂದರೆ `Global Hotkeys` ಆನ್ ಇರಬೇಕು. ಬ್ರೌಸರ್‌ನಲ್ಲೇ ಓಡುವ `one.livesplit.org` ಕೂಡ ಇದೆ, ಆದರೆ ಅದರ ಟ್ಯಾಬ್ ಮುಂದಿಲ್ಲದಾಗ ಕೀಲಿ ಹಿಡಿಯುವುದಿಲ್ಲ. ಇನ್ನೊಂದು ಉಪಾಯ: ಶೀರ್ಷಿಕೆ ಪರದೆಯಲ್ಲಿ Z ಒತ್ತಿದ ಮೇಲೆ ಆಟ 80 ಫ್ರೇಮ್, ಅಂದರೆ 2.67 ಸೆಕೆಂಡು, ಮಿನುಗಿ ನಂತರ ಮೊದಲ ಕೋಣೆ ತೆರೆಯುತ್ತದೆ. ನಿಯಮದಲ್ಲಿ ಗಡಿಯಾರ ಕೋಣೆ ತೆರೆದಾಗ ಶುರು ಎಂದಿದ್ದರೆ `Edit Splits`ನಲ್ಲಿ `Start Timer at` ಎದುರು `-2.67` ಹಾಕಿ, Z ಮತ್ತು G ಒಟ್ಟಿಗೆ ಒತ್ತಿ.

ಆದರೂ ಕೈಯಿಂದ ಒತ್ತಿದ ಸಮಯ ಅಂದಾಜು ಮಾತ್ರ. ಸಲ್ಲಿಸುವ ಸಮಯವನ್ನು ವಿಡಿಯೋದಿಂದಲೇ ತೆಗೆಯಬೇಕು. ಪರದೆಯನ್ನು ವಿಡಿಯೋ ಆಗಿ ಹಿಡಿಯುವ ಒಬಿಎಸ್ ತಂತ್ರಾಂಶದಲ್ಲಿ ಸೆಕೆಂಡಿಗೆ 60 ಫ್ರೇಮ್‌ಗೆ ರೆಕಾರ್ಡ್ ಮಾಡಿ, ಫೈಲನ್ನು MKV ಆಗಿ ಇಡಿ. ಸಾಮಾನ್ಯ MP4 ಆದರೆ ನಡುವೆ ಕಂಪ್ಯೂಟರ್ ಆರಿಹೋದಾಗ ಫೈಲೇ ತೆರೆಯುವುದಿಲ್ಲ, MKVಯಲ್ಲಿ ಅಲ್ಲಿಯವರೆಗಿನದ್ದು ಉಳಿಯುತ್ತದೆ. ಬ್ರೌಸರ್ ಕಿಟಕಿ ಕಪ್ಪಾಗಿ ಬಂದರೆ `Window Capture`ನಲ್ಲಿ ಹಿಡಿಯುವ ವಿಧಾನವನ್ನು `Windows 10 (1903 and up)` ಎಂದು ಬದಲಿಸಿ.

ಯೂಟ್ಯೂಬ್‌ಗೆ ಏರಿಸಿದ ಮೇಲೆ ವಿಡಿಯೋ ನಿಲ್ಲಿಸಿ, ಪೂರ್ಣವಿರಾಮ ಮತ್ತು ಅಲ್ಪವಿರಾಮದ ಕೀಲಿಗಳಿಂದ ಒಂದೊಂದೇ ಫ್ರೇಮ್ ಸರಿಸಿ ನಿಯಮ ಹೇಳುವ ಮೊದಲ ಫ್ರೇಮನ್ನೂ ಕೊನೆಯದನ್ನೂ ಹುಡುಕಿ. ಎರಡೂ ಕಡೆ ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ `Copy debug info` ಒತ್ತಿ ಬರುವ ಪಠ್ಯದಲ್ಲಿ `cmt` ಎದುರಿನ ಸಂಖ್ಯೆ ಬರೆದುಕೊಳ್ಳಿ. ಉದಾಹರಣೆಗೆ ಮೊದಲನೆಯದು 6.867, ಕೊನೆಯದು 148.867 ಬಂತು ಎನ್ನೋಣ. 60ರಿಂದ ಗುಣಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ ಅವು ಫ್ರೇಮ್ ಸಂಖ್ಯೆಗಳು.

```
6.867 × 60 ≈ 412
148.867 × 60 ≈ 8932
(8932 − 412) ÷ 60 = 142.000 = 2:22.000
```

ಆಟದ ಕೊನೆಯಲ್ಲಿ ಬಾವುಟದ ಬಳಿ ತೋರಿಸುವ ಸಮಯದಲ್ಲಿ ಪೂರ್ಣ ಸೆಕೆಂಡುಗಳಷ್ಟೇ ಇರುತ್ತವೆ. ಅದಕ್ಕೂ ನಿಮ್ಮ ಲೆಕ್ಕಕ್ಕೂ ಒಂದು ಸೆಕೆಂಡಿಗಿಂತ ಹೆಚ್ಚು ಅಂತರ ಬಂದರೆ ಎರಡರಲ್ಲೊಂದು: ಮೊದಲ ಫ್ರೇಮನ್ನು ತಪ್ಪಾಗಿ ಹಿಡಿದಿದ್ದೀರಿ, ಇಲ್ಲವೇ ಆ ರನ್ನಿನಲ್ಲಿ ಆಟ ನಿಧಾನವಾಗಿ ಓಡಿದೆ. ಫ್ರೇಮ್ ಸರಿಯಿದ್ದೂ ಅಂತರ ಉಳಿದರೆ ಸ್ಟಾಪ್‌ವಾಚ್ ಪರೀಕ್ಷೆಗೆ ಮರಳಿ. ವಿಡಿಯೋದಲ್ಲಿ ಶೀರ್ಷಿಕೆ ಪರದೆಯಿಂದ ಬಾವುಟದ ಬಳಿಯ ಅಂಕಿಗಳವರೆಗೆ ಕತ್ತರಿಸದೇ ಇಟ್ಟು ಸಲ್ಲಿಸಿ, ಬಾವುಟ ಮುಟ್ಟಿದ ಮೇಲೂ ಮೂರು ನಾಲ್ಕು ಸೆಕೆಂಡು ರೆಕಾರ್ಡಿಂಗ್ ನಿಲ್ಲಿಸಬೇಡಿ. ಪರಿಶೀಲಿಸುವವರು ಇದೇ ಲೆಕ್ಕವನ್ನು ತಾವೂ ಮಾಡಿ ನೋಡುತ್ತಾರೆ, ಅವರಿಗೆ ಎರಡೂ ತುದಿ ಕಾಣಬೇಕು.