‘ಸಂಸ್ಕಾರ’ದ ಬಗ್ಗೆ ಸ್ತ್ರೀವಾದಿ ಸೆಮಿನಾರ್ ಪೇಪರ್ ಬರೆದಿದ್ದು: ನನ್ನ ಅನುಭವ

ಎಂ.ಎ. ಎರಡನೇ ವರ್ಷದ ಸೆಮಿನಾರ್‌ಗೆ ನಾನು ತಗೊಂಡಿದ್ದು ಅನಂತಮೂರ್ತಿಯವರ ‘ಸಂಸ್ಕಾರ’. 1965ರ ಕಾದಂಬರಿ, ಅದರ ಬಗ್ಗೆ ಬರೆದವರು ಲೆಕ್ಕ ಇಲ್ಲದಷ್ಟು ಜನ. ಆದ್ರೂ ಯಾಕೆ ಅದೇ ಅಂದ್ರೆ, ಡಿಗ್ರಿಲಿ ಓದುವಾಗ ಕ್ಲಾಸಲ್ಲಿ ಪೂರ್ತಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ದ್ವಂದ್ವದ ಬಗ್ಗೆನೇ ಮಾತಾಗಿತ್ತು, ಚಂದ್ರಿ ಅಂದ್ರೆ ಅವರ ಕಣ್ಣು ತೆರೆಸಿದ ಹೆಂಗಸು, ಅಷ್ಟಕ್ಕೆ ಮುಗೀತು. ಅದು ನಂಗೆ ಆಗಿಂದಾನೂ ಒಳಗೊಳಗೇ ಚುಚ್ಚುತ್ತಾ ಇತ್ತು.

ಮೊದಲ ಡ್ರಾಫ್ಟ್ ಹತ್ತು ಪುಟ, ಒಂದೇ ವಾರದಲ್ಲಿ ಬರೆದುಬಿಟ್ಟೆ. ಆಚಾರ್ಯರ ಕಾಯಿಲೆ ಹೆಂಡತಿ ಭಾಗೀರಥಿಗೆ ಒಂದು ಪ್ಯಾರಾ, ಚಂದ್ರಿಗೆ ಎರಡು, ಕೇರಿಯ ದಲಿತ ಹುಡುಗಿ ಬೆಳ್ಳಿಗೆ ಒಂದು, ಆಚಾರ್ಯರಿಗೆ ಕೊನೆಕೊನೆಗೆ ಸಿಗೋ ಪದ್ಮಾವತಿಗೆ ಒಂದು, ಒಡವೆಗೆ ಆಸೆಪಡೋ ಅಗ್ರಹಾರದ ಹೆಂಡತಿಯರಿಗೆ ಒಂದು. ಪ್ರತಿ ಪ್ಯಾರಾ ಕೊನೇಲೂ ‘ಇಲ್ಲಿ ಹೆಣ್ಣು ಕೇವಲ ಭೋಗದ ವಸ್ತುವಾಗಿದ್ದಾಳೆ’ ಅನ್ನೋ ಥರದ್ದೇ ಸಾಲು. ಜೊತೆಗೆ ‘ಚಂದ್ರಿಗೆ ಕಾದಂಬರಿಯಲ್ಲಿ ದನಿಯೇ ಇಲ್ಲ’ ಅಂತ ಜೋರಾಗಿ ಬರೆದಿದ್ದೆ. ಮೇಡಂ ಓದಿ ಪುಸ್ತಕ ತಗೊಂಡು, ಚಂದ್ರಿ ಕಾಡಿಂದ ನಾರಣಪ್ಪನ ಮನೆಗೆ ವಾಪಸ್ ಬರೋ ಜಾಗ ತೆಗೆದು, “ಇದೇನಮ್ಮಾ ಮತ್ತೆ? ಇಲ್ಲಿ ಯೋಚನೆ ಮಾಡ್ತಿರೋದು ಯಾರು?” ಅಂದ್ರು. ನಂಗೆ ಉತ್ತರ ಇರಲಿಲ್ಲ.

ಆ ಜಾಗ ನೆನಪಿಲ್ಲದವರಿಗೆ ಹೇಳ್ತೀನಿ. ಆಚಾರ ಎಲ್ಲಾ ಬಿಟ್ಟು ಚಂದ್ರಿ ಜೊತೆ ಬಾಳ್ತಿದ್ದ ಬ್ರಾಹ್ಮಣ ನಾರಣಪ್ಪ ಸತ್ತು ಬಿದ್ದಿದ್ದಾನೆ, ಅವನ ಸಂಸ್ಕಾರ ಮಾಡಬಹುದಾ ಬೇಡವಾ ಅಂತ ಇಡೀ ದೂರ್ವಾಸಪುರ ಅಗ್ರಹಾರ ತಲೆ ಕೆಡಿಸಿಕೊಂಡಿದೆ. ಅವನು ಬ್ರಾಹ್ಮಣ್ಯ ಬಿಟ್ಟರೂ ಬ್ರಾಹ್ಮಣ್ಯ ಅವನನ್ನ ಬಿಟ್ಟಿತಾ ಅನ್ನೋದೇ ಪ್ರಶ್ನೆ. ಆಚಾರ್ಯರು ಧರ್ಮಶಾಸ್ತ್ರದ ಗ್ರಂಥ ತಿರುವಿ ಹಾಕಿದ್ರು, ಮಾರುತಿ ಗುಡಿಯಲ್ಲಿ ಪ್ರಸಾದಕ್ಕೆ ಕಾದ್ರು, ಏನೂ ಸಿಗಲಿಲ್ಲ. ರಾತ್ರಿ ಕಾಡಲ್ಲಿ ಚಂದ್ರಿ ಜೊತೆ ನಡೆಯೋದು ನಡೆದುಹೋಗುತ್ತೆ. ಆಮೇಲೆ ಅವಳು ಮನೆಗೆ ಬಂದು ಕೊಳೀತಿರೋ ಹೆಣ ನೋಡ್ತಾಳೆ. ಇದು ನನ್ನ ನಾರಣಪ್ಪ ಅಲ್ಲ, ಇದು ಬ್ರಾಹ್ಮಣನೂ ಅಲ್ಲ ಶೂದ್ರನೂ ಅಲ್ಲ, ನಾರೋ ಹೆಣ ಅಷ್ಟೇ ಅಂತ ಅವಳಿಗೆ ಅನ್ಸುತ್ತೆ. ಗಾಡಿಯವ ಶೇಷಪ್ಪನ್ನ ಕೇಳ್ತಾಳೆ, ಅವನು ಬ್ರಾಹ್ಮಣನ ಹೆಣ ಮುಟ್ಟೋಕೆ ಹೆದರ್ತಾನೆ. ಮೀನು ವ್ಯಾಪಾರದ ಅಹ್ಮದ್ ಬ್ಯಾರಿಗೆ ನಾರಣಪ್ಪ ಹಿಂದೆ ಎತ್ತಿಗೆ ದುಡ್ಡು ಕೊಟ್ಟಿದ್ದ, ಅವನು ಗಾಡಿ ಕಟ್ಕೊಂಡು ಬರ್ತಾನೆ. ಯಾರಿಗೂ ಗೊತ್ತಾಗದ ಹಾಗೆ ರಾತ್ರೋರಾತ್ರಿ ಸುಟ್ಟುಬಿಡ್ತಾರೆ, ಚಂದ್ರಿ ಕುಂದಾಪುರಕ್ಕೆ ಹೊರಡ್ತಾಳೆ.

ಅಂದ್ರೆ ಕಾದಂಬರಿಯ ಹೆಸರಲ್ಲಿರೋ ಕೆಲಸ ಮಾಡಿದ್ದೇ ಅವಳು! ಇಷ್ಟು ಸಲ ಓದಿದ್ದೀನಿ, ಕ್ಲಾಸಲ್ಲೂ ಕೇಳಿದ್ದೀನಿ, ಇದು ಬರೀ ಕಥೆಯ ಒಂದು ತಿರುವು ಅಂತ ದಾಟಿಕೊಂಡು ಹೋಗಿದ್ದೆ. ‘ದನಿ ಇಲ್ಲ’ ಅಂತ ನಾನು ಬರೆದಿದ್ದು ಪುಸ್ತಕದಿಂದ ಬಂದಿದ್ದಲ್ಲ, ನಾನು ಓದಿದ ಥಿಯರಿಯಿಂದ ಬಂದಿದ್ದು.

ಹಾಗಾಗಿ ಆ ಹತ್ತು ಪುಟ ಪಕ್ಕಕ್ಕಿಟ್ಟು ಮತ್ತೆ ಮೊದಲಿಂದ ಓದಿದೆ, ಈ ಸಲ ಪೆನ್ಸಿಲ್ ಹಿಡ್ಕೊಂಡು. ‘ಹೆಣ್ಣನ್ನ ಹೇಗೆ ತೋರಿಸಿದ್ದಾರೆ’ ಅಂತ ಕೇಳೋದು ಬಿಟ್ಟೆ. ಮಾರ್ಜಿನ್‌ನಲ್ಲಿ ಎರಡೇ ಗುರುತು: ಯಾರು ಯಾರನ್ನ ನೋಡ್ತಿದ್ದಾರೆ ಅನ್ನೋದಕ್ಕೆ ‘ನೋ’, ಯಾರಿಗೆ ಏನು ಗೊತ್ತಿದೆ ಅನ್ನೋದಕ್ಕೆ ‘ಗೊ’. ‘ನೋ’ ಬೇಕಾದಷ್ಟು ಸಿಕ್ತು. ಅಗ್ರಹಾರದ ದುರ್ಗಾಭಟ್ಟ ಚಂದ್ರಿಯನ್ನ ನೋಡಿ ರವಿವರ್ಮನ ಚಿತ್ರದ ಮತ್ಸ್ಯಗಂಧಿ ನೆನಪು ಮಾಡ್ಕೊಳ್ಳೋದು ಇದಕ್ಕೆ ಒಳ್ಳೆ ಉದಾಹರಣೆ, ಹೆಣ ಮನೇಲಿರುವಾಗ ಆ ನೋಟ. ಮೊದಲ ಪುಟದಲ್ಲೇ ಭಾಗೀರಥಿಗೆ ಸ್ನಾನ ಮಾಡಿಸೋದು, ಸೀರೆ ಉಡಿಸೋದು, ಆಮೇಲೆ ದೇವರ ಪೂಜೆ, ಎಲ್ಲಾ ಆಚಾರ್ಯರ ದಿನಚರಿಯಲ್ಲಿ ಒಂದರ ಹಿಂದೆ ಒಂದು ಬರುತ್ತೆ, ಅವಳ ಕಾಯಿಲೆ ಮೈ ಅವರ ತಪಸ್ಸಿನ ಒಂದು ಭಾಗ. ಅವಳೇ ಇನ್ನೊಂದು ಮದುವೆ ಮಾಡ್ಕೊಳ್ಳಿ ಅಂತಾಳೆ, ಅವರು ನಕ್ಕು ಸುಮ್ಮನಾಗ್ತಾರೆ. ಆ ನಗುವಿನ ಬಗ್ಗೆ ಅರ್ಧ ಪುಟ ಬರೆದೆ.

ಆದ್ರೆ ಪೇಪರ್ ನಿಂತಿದ್ದು ‘ಗೊ’ ಮೇಲೆ. ಶ್ರೀಪತಿ ಬೆಳ್ಳಿ ಹತ್ರ ಬರ್ತಾನೆ. ಅವಳು ಕೇರಿಯ ಜ್ವರದ ಬಗ್ಗೆ ಹೇಳ್ತಾಳೆ, ಯಾವತ್ತೂ ಬರದ ಇಲಿಗಳು ಗುಡಿಸಲಿಗೆ ಬರ್ತಿರೋದು ಹೇಳ್ತಾಳೆ. ಅವನಿಗೆ ಬೇಜಾರು, ಇವಳು ಮಲಗೋಕೆ ಸರಿ, ಮಾತಿಗಲ್ಲ ಅನ್ಸುತ್ತೆ ಅವನಿಗೆ. ಈಗ ಯೋಚನೆ ಮಾಡಿ, ಇಲಿ ಅಂದ್ರೆ ಪ್ಲೇಗು, ನಾರಣಪ್ಪನ ಸಾವಿಗೆ ಕಾರಣ ಏನು ಅನ್ನೋದರ ಸುಳಿವು ಬೆಳ್ಳಿ ಬಾಯಲ್ಲಿದೆ, ಅಗ್ರಹಾರದ ಒಬ್ಬ ಗಂಡಸು ಅವಳ ಎದುರಿಗೇ ಕೂತಿದ್ದಾನೆ, ಆದ್ರೂ ಆ ಮಾತು ಅಗ್ರಹಾರಕ್ಕೆ ಹೋಗಲ್ಲ. ಹಾಗೇ ಹೆಣ ಸುಟ್ಟಾಯ್ತು ಅನ್ನೋದು ಚಂದ್ರಿಗೆ ಗೊತ್ತು, ಬ್ರಾಹ್ಮಣರಿಗೆ ಗೊತ್ತಿಲ್ಲ, ಅವರು ಉಪವಾಸ ಬಿದ್ದು ಊರೂರು ಅಲೀತಾ ಇರ್ತಾರೆ. ಶಾಸ್ತ್ರ ಓದಿದವರಿಗೆ ಬೇಕಾಗಿದ್ದ ಎರಡು ವಿಷಯ ಇಬ್ಬರು ಹೆಂಗಸರ ಹತ್ರ ಇತ್ತು, ಅವರ ಮೈಯನ್ನ ನೋಡಿದ ಗಂಡಸರು ಇದನ್ನ ಕೇಳಿಸಿಕೊಳ್ಳಲಿಲ್ಲ. ಇದೇ ನನ್ನ ವಾದ ಆಯ್ತು.

ಥಿಯರಿ ಆಮೇಲೆ ಸೇರಿಸಿದ್ದು, ಅದೂ ಎರಡೇ. ಒಂದು, ಅಮೆರಿಕದ ವಿಮರ್ಶಕಿ ಜುಡಿತ್ ಫೆಟರ್ಲಿ 1978ರಲ್ಲಿ ಹೇಳಿದ ಪ್ರತಿರೋಧಿ ಓದುಗರ ಕಲ್ಪನೆ, ಅಂದ್ರೆ ಗಂಡು ನಾಯಕನ ಜಾಗದಲ್ಲಿ ನಿಂತು ಓದು ಅಂತ ಕಾದಂಬರಿ ನಮ್ಮನ್ನ ತಳ್ಳುವಾಗ ಒಪ್ಪದೇ ಓದೋದು. ಇನ್ನೊಂದು, ಇತಿಹಾಸಕಾರ್ತಿ ಉಮಾ ಚಕ್ರವರ್ತಿಯವರು 1993ರಲ್ಲಿ ಬರೆದ ಬ್ರಾಹ್ಮಣಶಾಹಿ ಪಿತೃಪ್ರಾಧಾನ್ಯದ ಲೇಖನ, ಜಾತಿ ಶುದ್ಧಿ ಉಳಿಯೋಕೆ ಹೆಣ್ಣಿನ ಮೇಲೆ ಹಿಡಿತ ಬೇಕು ಅನ್ನೋ ವಾದ. ಮೊದಲ ಡ್ರಾಫ್ಟಲ್ಲಿ ಆರೇಳು ಹೆಸರಿದ್ವು, ಒಂದೊಂದಕ್ಕೂ ಒಂದೊಂದು ಸಾಲು, ಯಾವುದೂ ಕೆಲಸ ಮಾಡ್ತಿರಲಿಲ್ಲ. ನಾನು ಕಂಡುಕೊಂಡ ಪರೀಕ್ಷೆ ಇದು: ಥಿಯರಿಯ ಹೆಸರು ಅಳಿಸಿ ಪ್ಯಾರಾ ಓದಿ ನೋಡಿ, ವಾದಕ್ಕೆ ಏನೂ ಆಗಲಿಲ್ಲ ಅಂದ್ರೆ ಅದು ಅಲಂಕಾರಕ್ಕೆ ಇದ್ದಿದ್ದು.

ಅತಿ ಕಷ್ಟ ಆಗಿದ್ದು ಇನ್ನೊಂದು. ಇದು ಅಗ್ರಹಾರದ ದೋಷಾನಾ ಕಾದಂಬರಿಯದ್ದಾ? ಗಂಡಸರ ಕಿವುಡುತನ ನಮಗೆ ಕಾಣೋ ಹಾಗೆ ಬರೆದಿದ್ದೇ ಅನಂತಮೂರ್ತಿಯವರು, ಹಾಗಿದ್ದಾಗ ‘ಲೇಖಕ ಸ್ತ್ರೀವಿರೋಧಿ’ ಅಂತ ಬರೆಯೋದು ಸುಳ್ಳಾಗುತ್ತೆ. ಆದ್ರೆ ಚಂದ್ರಿ ಹೊರಟ ಮೇಲೆ ಕಾದಂಬರಿ ಅವಳ ಹಿಂದೆ ಹೋಗಲ್ಲ. ಆಚಾರ್ಯರ ಹಿಂದೆ ಹೋಗುತ್ತೆ, ದಾರೀಲಿ ಸಿಕ್ಕ ಪುಟ್ಟನ ಜೊತೆ ಮೇಳಿಗೆ ಜಾತ್ರೆಗೆ, ಪದ್ಮಾವತಿ ಮನೆಗೆ. ಕಾಡಿನ ಆ ರಾತ್ರಿ ಅವರಿಗೆ ಪುಟಗಟ್ಟಲೆ ತಳಮಳ, ಅವಳಿಗೆ ಆ ರಾತ್ರಿ ಏನಾಗಿತ್ತು ಅನ್ನೋದಕ್ಕೆ ಸ್ವಲ್ಪವೇ ಜಾಗ. ಈ ಆಯ್ಕೆ ಮಾತ್ರ ಕೃತಿಯದ್ದೇ, ಅಗ್ರಹಾರದ್ದಲ್ಲ. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಟ್ಟೆ, ಕಲಸಿದಾಗಲೆಲ್ಲಾ ವಾದ ಎಡವುತ್ತಿತ್ತು.

ಸೆಮಿನಾರ್ ದಿನ ಹದಿನೈದು ನಿಮಿಷ ಓದಿದೆ. ಮುಗಿದ ಮೇಲೆ ಹಿಂದಿನ ಬೆಂಚಿನ ಗೆಳತಿ ಎದ್ದು, “ನೀವು ಇಬ್ಬರು ಹೆಂಗಸರು ಅಂತ ಒಟ್ಟಿಗೆ ಹೇಳಿದ್ರಿ, ಆದ್ರೆ ಚಂದ್ರಿ ಒಡವೆ ದುಡ್ಡು ಕಟ್ಕೊಂಡು ಬಸ್ಸಿಗೆ ಹೋಗ್ತಾಳೆ. ಬೆಳ್ಳಿಗೆ ಅಂಥ ದಾರಿ ಕಾದಂಬರಿ ಕೊಡುತ್ತಾ?” ಅಂದ್ಲು. ಸರಿಯಾದ ಮಾತು. ಜಾತಿ ಬಗ್ಗೆ ಲೇಖನ ಓದಿ ಹೆಸರು ಹಾಕಿದ್ದೆ, ಆದ್ರೆ ನನ್ನದೇ ವಾದದ ನಡುವೆ ಜಾತಿ ಮರೆತಿದ್ದೆ. ಸಬ್ಮಿಟ್ ಮಾಡೋಕೆ ನಾಲ್ಕು ದಿನ ಇತ್ತು, ಬೆಳ್ಳಿ ಭಾಗವನ್ನ ಚಂದ್ರಿಯಿಂದ ಬಿಡಿಸಿ ಬೇರೆ ಬರೆದೆ: ಚಂದ್ರಿಗೆ ಗೊತ್ತಿದ್ದನ್ನ ಅವಳು ಹೇಳದೇ ಹೋದಳು, ಬೆಳ್ಳಿ ಹೇಳಿದಳು, ಹೇಳಿದ್ದು ಮಾತು ಅಂತಲೇ ಅವನಿಗೆ ಅನ್ನಿಸಲಿಲ್ಲ. ಆ ಪ್ಯಾರಾ ಪಕ್ಕದಲ್ಲಿ ಮೇಡಂ ಪೆನ್ನಲ್ಲಿ ಒಂದು ಗೆರೆ ಎಳೆದು, ‘ಪೇಪರ್ ಇಲ್ಲಿಂದ ಶುರು ಮಾಡಬೇಕಿತ್ತು’ ಅಂತ ಬರೆದಿದ್ರು.