ಜರ್ಮನಿಯ ಮೊದಲ ಎಂಟು ವಾರ: ಯಾವ ಖರ್ಚಿಗೆ ಯಾವ ಹಣ?

ಸೆಪ್ಟೆಂಬರ್ ಕೊನೆಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಹೆಸರಿನಲ್ಲಿ ಆಗಲೇ 11,904 ಯೂರೋ ಜರ್ಮನಿಯಲ್ಲಿ ಕೂತಿರುತ್ತದೆ. ವೀಸಾಕ್ಕಾಗಿ ತೆರೆದ ಬ್ಲಾಕ್ಡ್ ಅಕೌಂಟ್‌ನ ದುಡ್ಡು ಅದು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಲೆಕ್ಕದಂತೆ ತಿಂಗಳಿಗೆ 992 ಯೂರೋ ಬಿಡುಗಡೆಯಾಗುತ್ತದೆ. ಆದರೆ ಮೊದಲ ಕಂತು ಬರಬೇಕಾದರೆ ಅಲ್ಲಿನ ಸಾಮಾನ್ಯ ಬ್ಯಾಂಕ್ ಖಾತೆ ಬೇಕು. ಖಾತೆ ಕೊಡಲು ಹಲವು ಬ್ಯಾಂಕ್‌ಗಳು ವಿಳಾಸ ನೋಂದಣಿಯ ಪತ್ರ ಕೇಳುತ್ತವೆ. ನೋಂದಣಿಗೆ ಮನೆ ಮಾಲೀಕರ ಪತ್ರ ಬೇಕು, ಆ ಪತ್ರಕ್ಕೆ ಕೋಣೆ ಸಿಕ್ಕಿರಬೇಕು, ಕೋಣೆಗೆ ಠೇವಣಿ ಕಟ್ಟಿರಬೇಕು. ಎಲ್ಲ ಸಲೀಸಾದರೆ ಮೂರು ವಾರದ ಕೆಲಸ. ಅಕ್ಟೋಬರ್‌ನಲ್ಲಿ ಎಲ್ಲ ಹೊಸ ವಿದ್ಯಾರ್ಥಿಗಳೂ ಒಂದೇ ಕಚೇರಿಯ ಅಪಾಯಿಂಟ್‌ಮೆಂಟ್‌ಗೆ ಕಾಯುವುದರಿಂದ ಎಂಟು ವಾರವೂ ಹಿಡಿಯಬಹುದು. ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡೋ, ನಗದೋ, ಡೆಬಿಟ್ ಕಾರ್ಡೋ ಎಂಬ ಪ್ರಶ್ನೆ ಏಳುವುದು ಈ ಎಂಟು ವಾರಕ್ಕಾಗಿ ಮಾತ್ರ. ವರ್ಷದ ಖರ್ಚನ್ನೆಲ್ಲ ಕಾರ್ಡಿಗೆ ತುಂಬಿಸಿಕೊಂಡು ಹೋಗುವ ಅಗತ್ಯವಿಲ್ಲ.

ಹುಬ್ಬಳ್ಳಿಯಿಂದ ಆಖೆನ್‌ಗೆ ಎಂ.ಎಸ್. ಓದಲು ಹೊರಟ ವಿದ್ಯಾರ್ಥಿನಿಯೊಬ್ಬಳ ಲೆಕ್ಕ ಹಾಕೋಣ. ಕೋಣೆಯ ಬಾಡಿಗೆ 380 ಯೂರೋ, ಠೇವಣಿ ಎರಡು ತಿಂಗಳ ಬಾಡಿಗೆಯಷ್ಟು, ಅಂದರೆ 760. ಲೆಕ್ಕ ಸುಲಭವಾಗಲೆಂದು ಒಂದು ಯೂರೋಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ.

ಹಂತ 1: ಠೇವಣಿಯನ್ನು ಮೊದಲು ಬೇರೆ ಇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ತಿಂಗಳ ಅತಿ ದೊಡ್ಡ ಖರ್ಚಾದ ಠೇವಣಿ ಮತ್ತು ಬಾಡಿಗೆಯನ್ನು ಜರ್ಮನಿಯಲ್ಲಿ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೇಳುತ್ತಾರೆ. ಫಾರೆಕ್ಸ್ ಕಾರ್ಡಿನಲ್ಲಿ 3,000 ಯೂರೋ ಇದ್ದರೂ ಅದರಿಂದ ಇನ್ನೊಬ್ಬರ ಖಾತೆಗೆ ದುಡ್ಡು ಕಳಿಸಲಾಗದು, ಏಕೆಂದರೆ ಅದಕ್ಕೆ ಐಬ್ಯಾನ್ ಎಂಬ ಖಾತೆ ಸಂಖ್ಯೆಯೇ ಇರುವುದಿಲ್ಲ. ಅಂಗಡಿಯಲ್ಲಿ ಉಜ್ಜಬಹುದು, ಎಟಿಎಂನಲ್ಲಿ ತೆಗೆಯಬಹುದು, ಅಷ್ಟೇ. ನಮ್ಮ ಡೆಬಿಟ್ ಕಾರ್ಡಿನದೂ ಇದೇ ಕಥೆ.

ಆದ್ದರಿಂದ 760 ಮತ್ತು ಮೊದಲ ಬಾಡಿಗೆಯ 380, ಒಟ್ಟು 1,140 ಯೂರೋವನ್ನು ಇಲ್ಲಿಯ ಬ್ಯಾಂಕಿನಿಂದ ನೇರವಾಗಿ ವಿದ್ಯಾರ್ಥಿನಿಲಯದ ಖಾತೆಗೆ ಕಳಿಸಬೇಕು. ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ತುಂಬಿ, ಬಾಡಿಗೆ ಕರಾರಿನ ಪ್ರತಿ ಕೊಡಿ. ಶುಲ್ಕ ಯಾರದ್ದು ಎಂಬ ಕಾಲಂನಲ್ಲಿ OUR, ಅಂದರೆ ಎಲ್ಲ ಶುಲ್ಕವೂ ನಮ್ಮದೇ ಎಂದು ಆರಿಸಿ. SHA ಎಂದಿದ್ದರೆ ನಡುವಿನ ಬ್ಯಾಂಕ್ ತನ್ನ ಪಾಲನ್ನು ಮುರಿದುಕೊಂಡು ಉಳಿದದ್ದನ್ನು ದಾಟಿಸಬಹುದು. ಹತ್ತು–ಇಪ್ಪತ್ತು ಯೂರೋ ಕಡಿಮೆ ತಲುಪಿದ ಠೇವಣಿ ಆ ಕಚೇರಿಯ ಲೆಕ್ಕದಲ್ಲಿ ಇನ್ನೂ ಕಟ್ಟದ ಠೇವಣಿಯೇ, ಕೀಲಿ ಸಿಗುವುದಿಲ್ಲ. ವಿವರದ ಸಾಲಿನಲ್ಲಿ ಹೆಸರು ಮತ್ತು ಕೋಣೆ ಸಂಖ್ಯೆ ಬರೆಸಿ. ಖಾಸಗಿ ಮಾಲೀಕರಾದರೆ ಮನೆ ನೋಡುವ ಮೊದಲು ಒಂದು ಯೂರೋವನ್ನೂ ಕಳಿಸಬೇಡಿ. ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇವೆ ಎನ್ನುವ ಜಾಹೀರಾತುಗಳು ಹಳೆಯ ಮೋಸ.

ಹಂತ 2: ಉಳಿದ ಖರ್ಚನ್ನು ಪಟ್ಟಿ ಮಾಡಿ

ಎರಡು ತಿಂಗಳ ಊಟ-ದಿನಸಿಗೆ 450 ಯೂರೋ, ಹಾಸಿಗೆ, ಕುಕ್ಕರ್, ಚಳಿಯ ಜಾಕೆಟ್ ಇತ್ಯಾದಿಗೆ 250, ರೈಲು-ಬಸ್ಸು, ಸಿಮ್‌ಗೆ 150. ಬ್ಲಾಕ್ಡ್ ಅಕೌಂಟ್ ತಡವಾದರೆ ಎರಡನೇ ತಿಂಗಳ ಬಾಡಿಗೆ 380. ಒಟ್ಟು 1,230. ಇದನ್ನು ಕಾರ್ಡಿನ ಬಾಬ್ತು ಎನ್ನೋಣ, 1,200ಕ್ಕೆ ಇಳಿಸಿ. ಕೊನೆಯ ಬಾಡಿಗೆಯನ್ನು ಕಾರ್ಡಿನಿಂದ ನಗದಾಗಿ ತೆಗೆದು, ಹೊಸ ಖಾತೆಗೆ ಶಾಖೆಯಲ್ಲಿ ಜಮಾ ಮಾಡಿ, ಅಲ್ಲಿಂದ ವರ್ಗಾಯಿಸಬಹುದು. ಸ್ವಲ್ಪ ಸುತ್ತುದಾರಿ, ಆದರೆ ಕೆಲಸ ಆಗುತ್ತದೆ. ಶಾಖೆಯೇ ಇಲ್ಲದ ಆನ್‌ಲೈನ್ ಬ್ಯಾಂಕ್‌ನಲ್ಲಿ ಖಾತೆ ತೆರೆಯುವವರು ನಗದು ಕಟ್ಟುವುದು ಹೇಗೆ, ಅದಕ್ಕೆ ಎಷ್ಟು ಶುಲ್ಕ ಎಂದು ಮೊದಲೇ ನೋಡಿಕೊಳ್ಳಬೇಕು.

ಹಂತ 3: ನಗದು 400 ಯೂರೋ, ಚಿಲ್ಲರೆ ನೋಟುಗಳಲ್ಲಿ

ಜರ್ಮನಿ ಇನ್ನೂ ನಗದಿನ ದೇಶ. ಬೇಕರಿ, ಸಂತೆ, ಸಣ್ಣ ಹೋಟೆಲುಗಳಲ್ಲಿ ಒಂದೋ ನಗದು, ಇಲ್ಲವೇ ಅಲ್ಲಿನ ಬ್ಯಾಂಕ್‌ಗಳು ಕೊಡುವ ಗಿರೋಕಾರ್ಡ್. ವೀಸಾ, ಮಾಸ್ಟರ್‌ಕಾರ್ಡ್ ನಡೆಯುವುದಿಲ್ಲ ಎಂಬ ಬೋರ್ಡು ಈಗಲೂ ಕಾಣಸಿಗುತ್ತದೆ. ವಾಸದ ಪರವಾನಗಿಗೆ ಸುಮಾರು 100 ಯೂರೋ ಕಟ್ಟುವಾಗಲೂ ಕೆಲವು ಕಚೇರಿಗಳಲ್ಲಿ ಇದೇ ಸ್ಥಿತಿ.

ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ನೋಟು ಒಯ್ಯಲು ರಿಸರ್ವ್ ಬ್ಯಾಂಕ್ ಅನುಮತಿ ಇದೆ. ಹಾಗೆಂದು ಅಷ್ಟನ್ನೂ ಒಯ್ಯಬೇಕಿಲ್ಲ. ಕಳೆದುಹೋದ ನೋಟನ್ನು ಬ್ಲಾಕ್ ಮಾಡಲಾಗದು. ಅಲ್ಲದೆ ನೋಟಿನ ದರ ಕಾರ್ಡಿನ ದರಕ್ಕಿಂತ ತುಟ್ಟಿ, ಏಕೆಂದರೆ ನೋಟನ್ನು ತರಿಸಿ, ಕಾಯ್ದು, ವಿಮೆ ಮಾಡಿಸುವ ಖರ್ಚನ್ನು ಅಂಗಡಿಯವರು ದರದಲ್ಲೇ ಸೇರಿಸಿರುತ್ತಾರೆ. 400 ಯೂರೋ ಸಾಕು. ಕೌಂಟರ್‌ನಲ್ಲಿ ಕೇಳಿ ಪಡೆಯಿರಿ: 50ರ ಎರಡು, 20ರ ಹತ್ತು, 10ರ ಹತ್ತು ನೋಟು. ಕೇಳದಿದ್ದರೆ 100 ಅಥವಾ 200ರ ನೋಟು ಕೊಟ್ಟು ಕಳಿಸುತ್ತಾರೆ, ಸಣ್ಣ ಅಂಗಡಿಯವರು ಅದನ್ನು ಮುಟ್ಟುವುದಿಲ್ಲ. 500ರ ನೋಟನ್ನಂತೂ ಬೇಡವೇ ಬೇಡ ಎನ್ನಿ, 2019ರಿಂದ ಅದರ ವಿತರಣೆಯೇ ನಿಂತಿದೆ. ಇಳಿದ ದಿನವೇ ಏನಾದರೂ ಕೊಂಡು ಒಂದು ಯೂರೋ ನಾಣ್ಯ ಉಳಿಸಿಕೊಳ್ಳಿ. ಸೂಪರ್‌ಮಾರ್ಕೆಟ್‌ನ ತಳ್ಳುಗಾಡಿಯ ಬೀಗ ತೆರೆಯಲು ಅದೇ ಬೇಕು!

ಹಂತ 4: ಫಾರೆಕ್ಸ್ ಕಾರ್ಡಿಗೆ 1,200 ಯೂರೋ

ಕಾರ್ಡ್ ಕೊಡುವವರು ‘ಶುಲ್ಕವಿಲ್ಲ’ ಎಂದರೆ ಹಿಗ್ಗಬೇಡಿ. ಅವರ ಲಾಭ ದರದೊಳಗಿದೆ. ಕೌಂಟರ್ ಮುಂದೆ ನಿಂತು ಮೊಬೈಲ್‌ನಲ್ಲಿ ಆ ಕ್ಷಣದ ಮಾರುಕಟ್ಟೆ ದರ ನೋಡಿ, ಅವರು ಹೇಳಿದ ದರದಿಂದ ಕಳೆಯಿರಿ. ಮಾರುಕಟ್ಟೆಯಲ್ಲಿ 100, ಅವರದು 101.20 ಎಂದರೆ ಪ್ರತಿ ಯೂರೋಗೆ 1.20 ಅವರ ಪಾಲು, 1,200 ಯೂರೋಗೆ 1,440 ರೂಪಾಯಿ. ಮೇಲೆ ವಿನಿಮಯದ ಜಿಎಸ್‌ಟಿ ಸುಮಾರು 199. ಒಟ್ಟು 1,639. ಅಧಿಕೃತ ವಿನಿಮಯ ಕೇಂದ್ರಗಳಲ್ಲಿ ಈ ದರವನ್ನು ಚೌಕಾಸಿ ಮಾಡಬಹುದು. ಎರಡು ಕಡೆ ಕೇಳಿ ಮೂರನೆಯ ಕಡೆ ಕೊಳ್ಳಿ.

ಇದೇ 1,200 ಯೂರೋವನ್ನು ಮಾಮೂಲಿ ಡೆಬಿಟ್ ಕಾರ್ಡಿನಿಂದ ಖರ್ಚು ಮಾಡಿದರೆ? ಹಲವು ಬ್ಯಾಂಕ್‌ಗಳು ವಿನಿಮಯದ ಮೇಲೆ ಹಾಕುವ ಶುಲ್ಕ, ಅಂದರೆ ಮಾರ್ಕಪ್, ಶೇ 3.5ರ ಆಸುಪಾಸಿನಲ್ಲಿದೆ, ಅದರ ಮೇಲೆ ಶೇ 18 ಜಿಎಸ್‌ಟಿ. 1,20,000 ರೂಪಾಯಿಗೆ 4,200, ಜೊತೆಗೆ 756. ಒಟ್ಟು 4,956. ಮೂರು ಪಟ್ಟು! ಆದರೆ ನಿಮ್ಮ ಬ್ಯಾಂಕಿನ ಶುಲ್ಕ ಪಟ್ಟಿಯಲ್ಲಿ ಮಾರ್ಕಪ್ ಸೊನ್ನೆ ಎಂದಿದ್ದರೆ ಲೆಕ್ಕ ತಿರುಗುತ್ತದೆ. ಆಗ ಆ ಡೆಬಿಟ್ ಕಾರ್ಡೇ ಮುಖ್ಯವಾಗಲಿ, ಫಾರೆಕ್ಸ್ ಕಾರ್ಡಿಗೆ 300 ಯೂರೋ ಸಾಕು.

ಕೊಳ್ಳುವಾಗ ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್, ಪ್ರವೇಶ ಪತ್ರ ಒಯ್ಯಿರಿ. ಕಾರ್ಡಿಗೆ ಯೂರೋವನ್ನೇ ತುಂಬಿಸಬೇಕು. ಬಹುಕರೆನ್ಸಿ ಕಾರ್ಡಿನಲ್ಲಿ ಡಾಲರ್ ತುಂಬಿಸಿ ಜರ್ಮನಿಯಲ್ಲಿ ಉಜ್ಜಿದರೆ ಕರೆನ್ಸಿ ಬದಲಾವಣೆಯ ಶುಲ್ಕ ಮತ್ತೆ ಶೇ 3ರಷ್ಟು ಬೀಳಬಹುದು, ಕಾರ್ಡ್ ಮಾಡಿಸಿದ್ದೇ ವ್ಯರ್ಥ.

ಫಾರ್ಮ್‌ನಲ್ಲಿ ಉದ್ದೇಶವನ್ನು ಶಿಕ್ಷಣ ಎಂದೇ ಬರೆಸಿ, ಅದರ ಕೋಡ್ S0305. ಪ್ರವಾಸ ಎಂದು ಹಾಕಿದರೆ ಟಿಸಿಎಸ್ ಎಂಬ ಮುಂಗಡ ತೆರಿಗೆಯ ದರ ಜಾಸ್ತಿ. ಒಬ್ಬರ ಪ್ಯಾನ್‌ನಲ್ಲಿ ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ ಇಲ್ಲ. ಅಪ್ಪನ ಪ್ಯಾನ್‌ನಿಂದ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೋ ಹೋಗಿದ್ದರೆ, ನಮ್ಮ ಲೆಕ್ಕದಲ್ಲಿ ಅದೇ 11.9 ಲಕ್ಷ, ಮಿತಿ ದಾಟಿದೆ. ಕಾರ್ಡನ್ನು ಮಗಳ ಪ್ಯಾನ್‌ನಲ್ಲಿ, ಅವಳ ಖಾತೆಯಿಂದ ಕೊಂಡರೆ ಅದು ಬೇರೆ ಲೆಕ್ಕ. ಕಟ್ಟಿದ ಟಿಸಿಎಸ್ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಬಿದ್ದಿರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕೆ ಈ ತೆರಿಗೆ ಇಲ್ಲ.

ಹಂತ 5: ಡೆಬಿಟ್ ಕಾರ್ಡ್ ಆಪತ್ತಿಗೆ

ಫಾರೆಕ್ಸ್ ಕಾರ್ಡನ್ನು ಎಟಿಎಂ ನುಂಗಿದ ದಿನಕ್ಕೆ ಇದು. ಮುಖ್ಯ ಉಳಿತಾಯ ಖಾತೆಯದ್ದನ್ನು ಒಯ್ಯಬೇಡಿ. ಬೇರೆ ಖಾತೆಯಲ್ಲಿ ನಲವತ್ತು–ಐವತ್ತು ಸಾವಿರ ರೂಪಾಯಿ ಮಾತ್ರ ಇಟ್ಟು ಅದರ ಕಾರ್ಡ್ ಒಯ್ಯಿರಿ, ಕಾರ್ಡ್ ವಿವರ ಕದ್ದರೂ ನಷ್ಟಕ್ಕೆ ಮಿತಿ ಇರುತ್ತದೆ. ಕಾರ್ಡ್ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನದಾಗಿರಲಿ. ದೇಶದೊಳಗೆ ಮಾತ್ರ ನಡೆಯುವ ರುಪೇ ಕಾರ್ಡ್ ಅಲ್ಲಿ ಬರೀ ಪ್ಲಾಸ್ಟಿಕ್ ತುಂಡು. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಇರುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಎಟಿಎಂ, ವಿದೇಶಿ ಅಂಗಡಿ ಎರಡನ್ನೂ ಆನ್ ಮಾಡಿ, ಮಿತಿಯನ್ನೂ ಹಾಕಿ.

ಎಟಿಎಂನಲ್ಲಿ ಚಿಲ್ಲರೆ ಚಿಲ್ಲರೆಯಾಗಿ ತೆಗೆದರೆ ದಂಡ ಬಿದ್ದಂತೆ. ಒಂದು ಸಲಕ್ಕೆ ಬ್ಯಾಂಕ್ 150 ರೂಪಾಯಿ ಹಾಗೂ ಜಿಎಸ್‌ಟಿ ಹಿಡಿದರೆ 177. ಜೊತೆಗೆ ಮಾರ್ಕಪ್. 50 ಯೂರೋ ತೆಗೆದರೆ ಒಟ್ಟು 383 ರೂಪಾಯಿ, ಅಂದರೆ ಶೇ 7.7. 200 ಯೂರೋ ಒಮ್ಮೆಗೇ ತೆಗೆದರೆ ಶೇ 5. ಎಟಿಎಂ ಮಾಲೀಕರ ಶುಲ್ಕ ಬೇರೆ, ಅದು ಪರದೆಯ ಮೇಲೆ ಬರುತ್ತದೆ. ಹೆಚ್ಚೆನಿಸಿದರೆ ರದ್ದು ಮಾಡಿ ಬೇರೆ ಬ್ಯಾಂಕಿನ ಎಟಿಎಂ ಹುಡುಕಿ. ರೈಲು ನಿಲ್ದಾಣ, ಪ್ರವಾಸಿ ಬೀದಿಗಳಲ್ಲಿ ನಿಂತಿರುವ, ಯಾವ ಬ್ಯಾಂಕಿನದೂ ಅಲ್ಲದ ಯಂತ್ರಗಳಿಂದ ದೂರ ಇರಿ.

ಹಂತ 6: ಯಂತ್ರ ರೂಪಾಯಿ ಕೇಳಿದರೆ

ಅಂಗಡಿಯಲ್ಲಾಗಲಿ ಎಟಿಎಂನಲ್ಲಾಗಲಿ ಪರದೆ EUR ಬೇಕೋ INR ಬೇಕೋ ಎಂದು ಕೇಳಬಹುದು. ರೂಪಾಯಿ ನಮ್ಮದೇ ಅಲ್ಲವೇ ಎಂದು INR ಒತ್ತುವವರೇ ಹೆಚ್ಚು. ಹಾಗೆ ಒತ್ತಿದರೆ ದರ ನಿರ್ಧರಿಸುವುದು ಆ ಯಂತ್ರದವರು. ಯೂರೋ ಫಾರೆಕ್ಸ್ ಕಾರ್ಡಿನಲ್ಲಂತೂ ಪೆಟ್ಟು ಎರಡು: ಯೂರೋ ಬಿಲ್ ಮೊದಲು ರೂಪಾಯಿಯಾಗಿ, ಆ ರೂಪಾಯಿ ಮತ್ತೆ ನಿಮ್ಮ ಕಾರ್ಡಿನ ಯೂರೋದಿಂದ ಕಳೆಯುತ್ತದೆ. ಯಾವಾಗಲೂ EUR. ಅಂಗಡಿಯವರೇ ಒತ್ತಿಬಿಟ್ಟಿದ್ದರೆ ರಸೀದಿಯಲ್ಲಿ ರೂಪಾಯಿ ಮೊತ್ತ ಕಾಣುತ್ತದೆ, ಅಲ್ಲೇ ರದ್ದು ಮಾಡಿಸಿ ಮತ್ತೆ ಉಜ್ಜಿಸಿ.

ಹಂತ 7: ಹೊರಡುವ ವಾರ

ಫಾರೆಕ್ಸ್ ಕಾರ್ಡಿನ ಪಿನ್ ಇಲ್ಲೇ ಹಾಕಿ, ಆನ್‌ಲೈನ್ ಮತ್ತು ಟ್ಯಾಪ್ ಬಳಕೆಯನ್ನು ಆ್ಯಪ್‌ನಲ್ಲಿ ಆನ್ ಮಾಡಿ. ಕಾರ್ಡಿಗೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಮಗಳದ್ದೇ ಆಗಿರಬೇಕು. ಅಪ್ಪನ ಸಂಖ್ಯೆ ಇದ್ದರೆ ಅಲ್ಲಿ ರೈಲ್ವೆ ಟಿಕೆಟ್ ಕೊಳ್ಳುವಾಗ ಒಟಿಪಿ ಹುಬ್ಬಳ್ಳಿಯಲ್ಲಿ ಬರುತ್ತದೆ, ಆ ಹೊತ್ತಿಗೆ ಇಲ್ಲಿ ನಡುರಾತ್ರಿಯೂ ಆಗಿರಬಹುದು. ಭಾರತದ ಸಿಮ್‌ನಲ್ಲಿ ರೋಮಿಂಗ್ ಆನ್ ಇರಲಿ, ಮೂರು ತಿಂಗಳ ವ್ಯಾಲಿಡಿಟಿಯ ರೀಚಾರ್ಜ್ ಇರಲಿ. ಕಾರ್ಡಿನ ಜೊತೆ ಎರಡನೇ ಕಾರ್ಡ್ ಕೊಡುವ ಸಂಸ್ಥೆಗಳಿವೆ, ಕೊಟ್ಟರೆ ಅದು ಬೇರೆ ಬ್ಯಾಗಿನಲ್ಲಿ ಹೋಗಲಿ.

ರೀಲೋಡ್ ಮಾಡುವ ಅಧಿಕಾರ ಮನೆಯಲ್ಲಿ ಯಾರಿಗಿದೆ, ಹೇಗೆ ಮಾಡುವುದು ಎಂಬುದನ್ನು ಮಗಳು ಹೊರಡುವ ಮೊದಲೇ 100 ಯೂರೋ ತುಂಬಿಸಿ ನೋಡಿಬಿಡಿ. ಶನಿವಾರ, ಭಾನುವಾರ ವಿನಿಮಯ ಮಾರುಕಟ್ಟೆ ಮುಚ್ಚಿರುವುದರಿಂದ ಶುಕ್ರವಾರ ಸಂಜೆ ಕಳಿಸಿದ ದುಡ್ಡು ಸೋಮವಾರ ಕಾರ್ಡಿಗೆ ಬೀಳುವುದುಂಟು. ಬಾಕಿ 250 ಯೂರೋಗೆ ಇಳಿದಾಗಲೇ ಮನೆಗೆ ಹೇಳುವುದೆಂದು ಮಾತಾಡಿಕೊಂಡರೆ ಸಾಕು.

ಐಬ್ಯಾನ್ ಬಂದು ಮೊದಲ 992 ಯೂರೋ ಜಮಾ ಆದ ದಿನ ರೀಲೋಡ್ ನಿಲ್ಲಿಸಿ. ಕಾರ್ಡಿನಲ್ಲಿ ಉಳಿದದ್ದನ್ನು ರೂಪಾಯಿಗೆ ಮರಳಿಸಿದರೆ ಅವರು ಕೊಳ್ಳುವ ಕಡಿಮೆ ದರದಲ್ಲಿ ಇನ್ನೊಮ್ಮೆ ಕಳೆದುಕೊಳ್ಳುತ್ತೀರಿ, ಬಳಸದೆ ಬಿಟ್ಟರೆ ಕೆಲವು ಕಾರ್ಡುಗಳಲ್ಲಿ ನಿಷ್ಕ್ರಿಯತೆಯ ಶುಲ್ಕವೂ ಇದೆ. ಮುಂದಿನ ಎರಡು ವಾರದ ದಿನಸಿಯನ್ನು ಅದರಿಂದಲೇ ತನ್ನಿ.